ನೀರಿನ ದಡದವರೆಗೆ

ಮಕ್ಕಳ ಪ್ರಬಂಧಗಳಿಗೆ ಕೆಂಪು ಶಾಯಿ ಹಚ್ಚುತ್ತ ಇಷ್ಟು ವರ್ಷ ಕಳೆದ ನನಗೆ, ನಾನೇ ಬರೆದ ಕಾಗದವೊಂದನ್ನು ತಿದ್ದುವುದು ಎಷ್ಟು ಕಷ್ಟವೆಂದು ಗೊತ್ತಾದದ್ದು ಅಕ್ಕ ಬಿಳಿಚೋಡು ಬಿಟ್ಟು ಮೈಸೂರಿಗೆ ಹೊರಟಾಗ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಒಂದೇ ಶಾಲೆಯಲ್ಲಿ ಕಲಿಸಿ, ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿದ್ದವರು. ನನಗಿಂತ ಹಿರಿಯರು, ಹಾಗಾಗಿ ನನಗೆ ಅವರು ‘ಅಕ್ಕಾ, ನೀವು’. ಅವರಿಗೆ ನಾನು ‘ಏನೇ’. ನಿವೃತ್ತರಾದ ಮೇಲೆ ಮಗ ಕರೆದ. ಒಂಟಿ ಮನೆಯಲ್ಲಿ ಇನ್ನೆಷ್ಟು ದಿನ ಎಂದು ಅವರೂ ಒಪ್ಪಿಕೊಂಡರು. ಒಪ್ಪಿಕೊಂಡ ದಿನದಿಂದ ದಿನಕ್ಕೊಂದು ಸಲ, “ಹೋಗೋದೋ ಬೇಡವೋ ಹೇಳೇ” ಎಂದು ಕೇಳುತ್ತಿದ್ದರು.

ಎದುರು ನಿಂತು ಹೇಳಲಾಗದ್ದನ್ನು ಬರೆದುಕೊಡೋಣವೆಂದು ಒಂದು ರಾತ್ರಿ ಕುಳಿತೆ. ನಾಲ್ಕು ಪುಟವಾಯಿತು. ಬರೆಯುವಾಗ ಎರಡು ಸಲ ಅತ್ತೆ. ಅತ್ತದ್ದರಿಂದ ಕಾಗದ ಚೆನ್ನಾಗಿ ಬಂದಿದೆ ಎಂದೂ ಅಂದುಕೊಂಡೆ.

ಬೆಳಿಗ್ಗೆ ಓದಿದರೆ ಎದೆ ಧಸಕ್ಕೆಂದಿತು. ‘ಪ್ರೀತಿಯ ಗೆಳತಿ, ನಿನ್ನ ಅಗಲಿಕೆ ನಮ್ಮ ಶಾಲೆಗೆ ತುಂಬಲಾರದ ನಷ್ಟ. ನೀನಿಲ್ಲದ ಈ ಊರು ಬರಡು. ನಿನ್ನ ನೆನಪು ಸದಾ ಹಸಿರು. ನಮ್ಮನ್ನು ಮರೆಯಬೇಡ.’ ಇದರ ಮೇಲೊಂದು ಫೋಟೋ ಅಂಟಿಸಿದರೆ ದಿನಪತ್ರಿಕೆಯ ಶ್ರದ್ಧಾಂಜಲಿಯೇ ಆಗುತ್ತಿತ್ತು! ನಮ್ಮ ಬರವಣಿಗೆಯ ಕನ್ನಡದ ತೊಡಕು ನೋಡಿ. ಬೀಳ್ಕೊಡುವುದಕ್ಕೂ ತೀರಿಕೊಂಡವರಿಗೂ ನಾವು ಒಂದೇ ಪೆಟ್ಟಿಗೆಯಿಂದ ಮಾತು ತೆಗೆಯುತ್ತೇವೆ. ಆದರೆ ಆಡುಮಾತು ಹಾಗಿಲ್ಲ. ಹೊಸ್ತಿಲು ದಾಟುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಒಳಗಿರುವವರು ‘ಹೋಗಿ ಬನ್ನಿ’ ಅನ್ನುತ್ತಾರೆ. ಹಗುರಾಗಿ ಕಳಿಸಿಕೊಡುವ ಮಾತು ನಾಲಿಗೆಯ ಮೇಲೇ ಇರುವಾಗ ಲೇಖನಿ ಹಿಡಿದೊಡನೆ ಅದನ್ನು ಯಾಕೆ ಬಿಡುತ್ತೇವೋ!

ಇನ್ನೊಂದು ತಪ್ಪು ಸಂಬೋಧನೆಯದು. ಜನ್ಮದಲ್ಲಿ ಅವರನ್ನು ನಾನು ‘ನೀನು’ ಎಂದವಳಲ್ಲ. ಕಾಗದದಲ್ಲಿ ಮಾತ್ರ ಗೆಳತಿ, ನೀನು! ಓದಿದ ಕೂಡಲೇ ಅವರು, ಇದನ್ನು ಬರೆದವಳು ಯಾರಪ್ಪಾ ಎಂದು ಹುಡುಕುತ್ತಿದ್ದರು.

ಆದರೆ ನಿಜವಾದ ಭಾರ ಇದ್ದದ್ದು ಪದಗಳಲ್ಲಲ್ಲ. ‘ನೀನು ಹೋದ ಮೇಲೆ ಸಂಜೆ ನಾನು ಯಾರೊಂದಿಗೆ ಮಾತಾಡಲಿ’ ಎಂದು ಬರೆದಿದ್ದೆ. ಕೇಳಲು ಅದು ಪ್ರೀತಿ. ಆದರೆ ಓದುವವರಿಗೆ ಅದು ಆಪಾದನೆ. ಹೊರಟವರು ಅದಕ್ಕೆ ಏನು ಉತ್ತರ ಕೊಡಬೇಕು? ಹೋಗುವುದಿಲ್ಲ ಎನ್ನಬೇಕು, ಇಲ್ಲವೇ ತಪ್ಪಾಯಿತು ಎನ್ನಬೇಕು. ಇಂಥದೇ ಕಾಗದವೊಂದು ನನಗೂ ಬಂದಿತ್ತು, ವರ್ಗವಾಗಿ ಈ ಊರಿಗೆ ಬಂದ ಹೊಸದರಲ್ಲಿ. ಅದಕ್ಕೆ ಸರಿತೂಗುವ ಉತ್ತರ ಬರೆಯಬೇಕೆಂದು ಇವತ್ತು ನಾಳೆ ಎನ್ನುತ್ತ ವರ್ಷ ಕಳೆದವು. ಉತ್ತರವೂ ಹೋಗಲಿಲ್ಲ, ಸ್ನೇಹವೂ ಉಳಿಯಲಿಲ್ಲ. ಅದು ಈಗಲೂ ಟ್ರಂಕಿನ ತಳದಲ್ಲಿದೆ.

ಆಗ ನೆನಪಾದದ್ದು ಶಾಕುಂತಲದ ನಾಲ್ಕನೆಯ ಅಂಕ. ಬಿ.ಎ.ಯಲ್ಲಿದ್ದಾಗ ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಓದಿದ್ದೆ. ಎಲ್ಲರೂ ಅದನ್ನು ಮಗಳನ್ನು ಕಳಿಸುವ ತಂದೆಯ ದುಃಖವೆಂದು ಓದುತ್ತಾರೆ. ಆದರೆ ಅಲ್ಲಿ ಇಬ್ಬರು ಗೆಳತಿಯರೂ ಇದ್ದಾರಲ್ಲ, ಅನಸೂಯೆ ಮತ್ತು ಪ್ರಿಯಂವದೆ! ಬೇರೆ ಊರಿಗೆ ಹೊರಟ ಗೆಳತಿಯನ್ನು ಕಳಿಸುತ್ತಿರುವವರು. ಶಕುಂತಲೆ ತಾನು ಬೆಳೆಸಿದ ವನಜ್ಯೋತ್ಸ್ನೆ ಬಳ್ಳಿಯನ್ನು ಅವರ ಕೈಗೊಪ್ಪಿಸುತ್ತಾಳೆ. ಅವರು, ಹಾಗಾದರೆ ನಮ್ಮನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತೀ ಎಂದು ಅಳುತ್ತಾರೆ. ನನ್ನ ನಾಲ್ಕು ಪುಟದ ಸಾರವೆಲ್ಲ ಅದೇ. ತಕ್ಷಣ ಕಣ್ವರು ಅವರನ್ನು ತಡೆಯುತ್ತಾರೆ: ಧೈರ್ಯ ಹೇಳಬೇಕಾದವರು ನೀವು, ನೀವೇ ಅತ್ತರೆ ಹೇಗೆ? ತಮಗೂ ಗಂಟಲು ಕಟ್ಟಿದ್ದ ಮುದುಕರು ಹೇಳುವ ಮಾತಾದ್ದರಿಂದ ಅದಕ್ಕೆ ತೂಕವಿದೆ. ಇನ್ನಷ್ಟು ಮುಂದೆ, ಪ್ರಿಯರಾದವರನ್ನು ನೀರಿನ ದಡದವರೆಗೆ ಮಾತ್ರ ಕಳಿಸಬೇಕು, ಅಲ್ಲಿಂದ ಹಿಂದಿರುಗಿ ಎಂದು ಶಿಷ್ಯ ಅವರಿಗೇ ನೆನಪಿಸುತ್ತಾನೆ. ಕಾಗದಕ್ಕೂ ಅಂಥದೊಂದು ದಡ ಬೇಕು. ನಾಲ್ಕು ಪುಟವನ್ನು ಒಂದು ಪುಟಕ್ಕಿಳಿಸಲು ನನಗೆ ಧೈರ್ಯ ಬಂದದ್ದು ಅಲ್ಲಿಂದ.

ಇಳಿಸಿದೆ. ಆದರೆ ಈ ಸಲ ಆಚೆ ಬದಿಗೆ ಬಿದ್ದೆ. ಬರೀ ತಮಾಷೆ! ಮೈಸೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ನಮ್ಮ ಕಡೆಯ ಹಾಗೆ ಸಿಗುವುದಿಲ್ಲ, ಅನುಭವಿಸಿ ಎಂದೆಲ್ಲ. ಮಗಳು ಓದಿ, “ಅಮ್ಮಾ, ಇದು ಎರಡು ದಿನ ಟ್ರಿಪ್ಪಿಗೆ ಹೋಗೋರಿಗೆ ಬರೆದ ಹಾಗಿದೆ” ಎಂದಳು. ಹಗುರ ಮಾಡುವುದೆಂದರೆ ಇರುವುದನ್ನು ಬಚ್ಚಿಡುವುದಲ್ಲ. ಶಾಕುಂತಲದಲ್ಲೂ ಗೆಳತಿಯರು ಎಡವಿದ್ದು ಇಲ್ಲೇ. ದೂರ್ವಾಸರ ಶಾಪ ಅವರಿಬ್ಬರಿಗೂ ಗೊತ್ತು. ಇವಳದು ಮೃದು ಸ್ವಭಾವವೆಂದು ಮುಚ್ಚಿಟ್ಟರು. ಹೊರಡುವ ಹೊತ್ತಿಗೆ, ರಾಜ ಗುರುತು ಹಿಡಿಯದಿದ್ದರೆ ಉಂಗುರ ತೋರಿಸು ಎಂದಷ್ಟೇ ಹೇಳಿದರು. ಅವಳು ನಡುಗಿದರೆ, ಹೆದರಬೇಡ, ಪ್ರೀತಿಯಿದ್ದ ಕಡೆ ಇಲ್ಲದ ಶಂಕೆ ಬರುತ್ತದೆ ಎಂದು ತೇಲಿಸಿಬಿಟ್ಟರು. ಉಂಗುರ ಯಾಕೆ ಮುಖ್ಯವೆಂದು ತಿಳಿದಿದ್ದರೆ ನೀರಿನಲ್ಲಿ ಜಾರಿ ಹೋಗದಂತೆ ಬೆರಳು ಬಿಗಿಹಿಡಿಯುತ್ತಿದ್ದಳೋ ಏನೋ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಅವರ ಜಾಣತನದ ಬಗ್ಗೆ ಇದೆ.

ಹಾಗಾಗಿ ಮೂರನೆಯ ಸಲ ಬರೆಯುವಾಗ ಮೊದಲು ಕೇಳಿಕೊಂಡದ್ದು, ಅಕ್ಕನಿಗೆ ನಿಜಕ್ಕೂ ಬೇಕಾದ ‘ಉಂಗುರ’ ಯಾವುದು ಎಂದು. ಪಿಂಚಣಿಯ ಕಾಗದಪತ್ರವನ್ನೆಲ್ಲ ಅವರು ನನ್ನನ್ನು ಕೇಳಿಯೇ ಮಾಡುತ್ತಿದ್ದವರು. ಅದನ್ನು ಬರೆದೆ. ದುಃಖಕ್ಕೆ ಒಂದೇ ವಾಕ್ಯ ಕೊಟ್ಟೆ, ಅದನ್ನೂ ಕೊನೆಗಿಡದೆ ನಡುವೆ ಇಟ್ಟೆ. ಕೊನೆಯಲ್ಲಿದ್ದರೆ ಓದಿ ಮಡಿಚುವಾಗ ಕೈಯಲ್ಲಿ ಉಳಿಯುವುದು ಅದೇ. ‘ಫೋನ್ ಮಾಡುತ್ತಿರಿ’ ಎಂದಿದ್ದನ್ನು ‘ನಾನೇ ಮಾಡುತ್ತೇನೆ’ ಎಂದು ತಿದ್ದಿದೆ. ಹೊಸ ಮನೆಗೆ ಹೋದವರ ತಲೆಗೆ ಇನ್ನೊಂದು ಕೆಲಸ ಯಾಕೆ? ಕಾಗದ ಕೊನೆಗೆ ನಿಂತದ್ದು ಹೀಗೆ:

‘ಅಕ್ಕಾ,

ಇದನ್ನು ಬಸ್ಸಿನಲ್ಲಿ ಓದಬೇಡಿ, ನಿಮಗೆ ತಲೆ ಸುತ್ತುತ್ತದೆ. ಮನೆ ಸೇರಿ, ಕಾಫಿ ಕುಡಿದು ಓದಿ.

ಮಲ್ಲಿಗೆ ಕುಂಡ ನಮ್ಮ ಹಿತ್ತಲಿಗೆ ಬಂದಿದೆ. ನೀವು ಹಾಕುತ್ತಿದ್ದಷ್ಟು ನೀರು ನಾನು ಹಾಕುವುದಿಲ್ಲ, ಅದಕ್ಕೇ ಚೆನ್ನಾಗಿ ಬರುತ್ತದೆ ನೋಡಿ. ಸಂಜೆ ಕಟ್ಟೆಯ ಮೇಲೆ ಕೂತಾಗ ನೀವಿಲ್ಲವಲ್ಲ ಅನಿಸುತ್ತದೆ, ಅನಿಸಲಿ ಬಿಡಿ. ನೀವು ಹೋಗುತ್ತಿರುವುದು ಸರಿ, ನಾನೂ ಹಾಗೇ ಮಾಡುತ್ತಿದ್ದೆ.

ನವೆಂಬರಿನಲ್ಲಿ ಬ್ಯಾಂಕಿಗೆ ಲೈಫ್ ಸರ್ಟಿಫಿಕೇಟ್ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಪಾಸ್‌ಬುಕ್, ಆಧಾರ್ ಎರಡೂ ಹಸಿರು ಚೀಲದ ಒಳಜೇಬಿನಲ್ಲಿವೆ. ಭಾನುವಾರ ಸಂಜೆ ನಾನೇ ಫೋನ್ ಮಾಡುತ್ತೇನೆ. ಮೊಮ್ಮಗನ ಜೊತೆ ಇದ್ದರೆ ಎತ್ತಬೇಡಿ.

ಶೇಂಗಾ ಚಟ್ನಿಪುಡಿ ಇಟ್ಟಿರುವುದು ನನ್ನ ಸ್ಟೀಲಿನ ಡಬ್ಬಿಯಲ್ಲಿ. ಡಬ್ಬಿ ನನಗೆ ಬೇಕು. ಖಾಲಿ ತರಬೇಡಿ. ಹೋಗಿ ಬನ್ನಿ.’

ಹೊರಡುವ ದಿನ ಬೆಳಿಗ್ಗೆ ದಾವಣಗೆರೆಯ ಬಸ್ಸು ಹತ್ತುವಾಗ ಅವರ ಕೈಗಿಟ್ಟೆ. ನಾನು ಹೇಳಿದ್ದನ್ನು ಅವರು ಯಾವತ್ತು ಕೇಳಿದ್ದಾರೆ? ಬಸ್ಸಿನಲ್ಲೇ ಓದಿದರಂತೆ. ದಾವಣಗೆರೆಯಿಂದಲೇ ಫೋನ್ ಬಂತು: “ಏನೇ, ಹಸಿರು ಚೀಲದ ಒಳಜೇಬು ಯಾವ ಕಡೆಗಿದೆ?”

ನವೆಂಬರಿನಲ್ಲಿ ಮತ್ತೆ ಅವರೇ ಮಾಡಿದರು, ಭಾನುವಾರವಲ್ಲದ ದಿನ. “ಬದುಕಿದೀನಿ ಅಂತ ಬ್ಯಾಂಕಿನೋರಿಗೆ ತೋರಿಸಿ ಬಂದೆ ಕಣೇ” ಎಂದು ನಕ್ಕರು. ಡಬ್ಬಿಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.