ಒಡೆದ ಲೋಟದ ಮಾತು

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೃತಿಯ ಕೊನೆಯಲ್ಲಿ ನಿರೂಪಕ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಊರಿಗೆ ಹೋದ ಹೆಂಡತಿ ಅನಿತಾ ಇನ್ನೂ ಮರಳಿಲ್ಲ. ‘ನನಗೆ ಭಯವಾಗಿದೆ’ ಎಂದು ಅವನು ಹೇಳುವುದಿಲ್ಲ. ಲೋಟ ಒಡೆಯುತ್ತದೆ, ಕೈಯಲ್ಲಿ ರಕ್ತವಿದೆ, ತೊಳೆದುಕೊಳ್ಳಿ ಎಂದು ಮಾಣಿ ವಿನ್ಸೆಂಟ್ ಎಚ್ಚರಿಸುತ್ತಾನೆ.

ಒಡೆದ ಲೋಟವೊಂದೇ ಆಗಿದ್ದರೆ ಅದು ಬರೀ ಕೈತಪ್ಪು. ಆದರೆ ಹಿಂದಿನ ಪುಟಗಳಲ್ಲಿ ಮನೆಯವರು ಇರುವೆಗಳನ್ನು ಹೊಸಕಿದ್ದನ್ನು, ಸಾವಿನ ಕುರಿತು ಹಗುರವಾಗಿ ಮಾತಾಡಿದ್ದನ್ನು ನೋಡಿದ್ದೇವೆ. ಆಗೆಲ್ಲ ಇವನು ಸುಮ್ಮನಿದ್ದ. ಇವನ್ನು ಪಕ್ಕಪಕ್ಕ ಇಟ್ಟಾಗ ಅದೇ ರಕ್ತದಲ್ಲಿ ಭಯವೂ ಕಾಣುತ್ತದೆ, ತಪ್ಪಿನಲ್ಲಿ ಪಾಲೂ ಕಾಣುತ್ತದೆ.

ಅನಿತಾಳಿಗೆ ಏನಾಯಿತೆಂದು ಮಾತ್ರ ಪುಸ್ತಕ ಹೇಳುವುದಿಲ್ಲ. ಅವನ ಮನಸ್ಸನ್ನು ಓದಬಹುದು, ನಡೆದ ಘಟನೆಯನ್ನು ಊಹಿಸಿ ಖಚಿತ ಮಾಡಿಕೊಳ್ಳಬಾರದು.