ಆರು ನಕ್ಷೆ, ಎರಡು ಐಸಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಎಂಜಿನಿಯರಿಂಗ್ ಹುಡುಗರ ಡಿಜಿಟಲ್ ಪಾಠದಲ್ಲಿ ತಪ್ಪದೆ ಎದುರಾಗುವಂಥ ಲೆಕ್ಕವೊಂದಿದೆ: ಮೂರು ಬಿಟ್‌ನ ಸಂಖ್ಯೆ ಕೊಟ್ಟರೆ ಅದರ ವರ್ಗವನ್ನು ಆರು ಬಿಟ್‌ನಲ್ಲಿ ತೋರಿಸುವ ಸರ್ಕ್ಯೂಟ್ ರಚಿಸಿ. ಇದನ್ನು ಬಿಡಿಸುವ ರೂಢಿಯೂ ಒಂದೇ. ಟ್ರೂತ್ ಟೇಬಲ್ ಬರೆ, ಪ್ರತಿ ಔಟ್‌ಪುಟ್‌ಗೂ ಒಂದು ಕೆ-ಮ್ಯಾಪ್ ಹಾಕು, ಬಂದ ಸಮೀಕರಣಕ್ಕೆ ಗೇಟ್ ಜೋಡಿಸು. ನಮ್ಮ ಕಡೆ ರೆಕಾರ್ಡ್ ಅನ್ನುವುದಕ್ಕೆ ಅಲ್ಲಿ ಜರ್ನಲ್ ಅನ್ನುತ್ತಾರೆ. ಆ ಜರ್ನಲ್ ಅಲ್ಲಿಗೆ ಮುಗಿಯುತ್ತದೆ. ರೂಢಿ ತಪ್ಪಲ್ಲ, ಆದರೆ ಅದು ನಿಲ್ಲುವ ಜಾಗ ತಪ್ಪು ಎಂಬುದು ನನ್ನ ತಕರಾರು.

ಇನ್‌ಪುಟ್‌ಗಳನ್ನು A, B, C ಎನ್ನೋಣ, A ಎಲ್ಲಕ್ಕಿಂತ ದೊಡ್ಡ ಬಿಟ್. 7ರ ವರ್ಗ 49. ಐದು ಬಿಟ್‌ಗೆ 31ರಾಚೆ ಹೋಗಲಾಗದು, ಆದ್ದರಿಂದಲೇ ಆರು ಬಿಟ್ ಬೇಕು. ನಕ್ಷೆಗಳು ಕೊಡುವ ಉತ್ತರ ಇದು:

```
P5 = AB
P4 = AB' + AC
P3 = A'BC + AB'C
P2 = BC'
P1 = 0
P0 = C
```

ಇದರಲ್ಲಿ ಮೂರಕ್ಕೆ ನಕ್ಷೆಯೇ ಬೇಕಿರಲಿಲ್ಲ. ಸಮ ಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0, ಬೆಸ ಸಂಖ್ಯೆಯದಾದರೆ 1. ಹಾಗಾಗಿ P1 ಎಂದೂ 1 ಆಗದು, P0 ಎಂದರೆ C ತಂತಿಯೇ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೂ ಶೇಷ 1 ಆದ್ದರಿಂದ, C ಒಂದಾಗಿರುವಾಗ P2 ಸೊನ್ನೆಯೇ. ಮಾರಿಸ್ ಮಾನೊ ತಮ್ಮ ಪಠ್ಯದಲ್ಲಿ ಇದೇ ಲೆಕ್ಕವನ್ನು ರೋಮ್ ಪಾಠಕ್ಕೆ ತಂದು, P0, P1 ಎರಡನ್ನೂ ಹೊರಗಿಟ್ಟು, ಎಂಟು ಪದಗಳ ನಾಲ್ಕು ಬಿಟ್ ರೋಮ್ ಸಾಕು ಎಂದು ತೋರಿಸುತ್ತಾರೆ. ಲೆಕ್ಕವನ್ನು ಮೊದಲು ನೋಡಿ ಆಮೇಲೆ ಉಪಕರಣ ಆರಿಸುವ ಕ್ರಮ ಅದು.

ನಕ್ಷೆಯ ಅಸಲಿ ಪರೀಕ್ಷೆ P3 ಮತ್ತು P4ರಲ್ಲಿ. P3ರ ಎರಡು ಒಂದುಗಳು 3 ಮತ್ತು 5ರ ಮನೆಗಳಲ್ಲಿ ಕರ್ಣವಾಗಿ ಕೂರುತ್ತವೆ, ಅವು ಪಕ್ಕದ ಮನೆಗಳಲ್ಲ. ಆಸೆಗೆ ಬಿದ್ದು ಎರಡನ್ನೂ ಒಂದೇ ಸುತ್ತಿಗೆ ಸೇರಿಸಿದರೆ P3 = C ಎಂದಾಗುತ್ತದೆ; ಆಗ ಬೋರ್ಡು 1ರ ವರ್ಗ 9, 7ರ ವರ್ಗ 57 ಎನ್ನುತ್ತದೆ. ಇನ್ನೊಂದು ಎಡವಟ್ಟು ಕಾಲಂಗಳ ಕ್ರಮದ್ದು. 00, 01, 11, 10 ಎಂದು ಬರೆಯದೆ 00, 01, 10, 11 ಎಂದು ಬರೆದರೆ ವಿಚಿತ್ರವೆಂದರೆ ಉಳಿದ ನಕ್ಷೆಗಳ ಉತ್ತರ ತಪ್ಪಾಗುವುದಿಲ್ಲ, P4 ಒಂದೇ ಕೆಡುತ್ತದೆ. 4 ಮತ್ತು 7ರ ಮನೆಗಳು ಅಂಚು ಸುತ್ತಿ ನೆರೆಯವಾದಂತೆ ಕಂಡು P4 = A ಎಂದು ಬರೆದುಬಿಟ್ಟರೆ, 6ರ ವರ್ಗ 36ರ ಬದಲು 52. ಹಾಗಾಗಿ ಬೋರ್ಡನ್ನು 2, 3ರಿಂದ ಪರೀಕ್ಷಿಸಿ ಸಮಾಧಾನಪಡುವವರಿಗೆ ಏನೂ ಗೊತ್ತಾಗದು. 1, 6, 7 ಕೊಟ್ಟು ನೋಡಬೇಕು.

ಇನ್ನು ಜೋಡಣೆ. ಮೇಲಿನ ಸಮೀಕರಣಗಳನ್ನು ಇದ್ದಂತೆ ಕಟ್ಟಿದರೆ ನಾಟ್‌ಗೆ 7404, ಎರಡು ಇನ್‌ಪುಟ್‌ನ ಆಂಡ್‌ಗೆ 7408, ಮೂರು ಇನ್‌ಪುಟ್‌ನದಕ್ಕೆ 7411, ಆರ್‌ಗೆ 7432, ಒಟ್ಟು ನಾಲ್ಕು ಐಸಿ. ಕಾರ್ನೋ 1953ರಲ್ಲಿ ಕೊಟ್ಟ ನಕ್ಷೆಯನ್ನು ನಾವು ಒಂದೊಂದು ಔಟ್‌ಪುಟ್‌ಗೆ ಬೇರೆ ಬೇರೆಯಾಗಿ ಹಾಕುತ್ತೇವೆ; ಒಂದರ ಸುತ್ತು ಇನ್ನೊಂದರ ಕೆಲಸಕ್ಕೆ ಬರುತ್ತದೆಯೇ ಎಂದು ಆ ಹಾಳೆ ಕೇಳುವುದಿಲ್ಲ. P4ರಿಂದ A ಹೊರತೆಗೆದರೆ ಒಳಗೆ ಉಳಿಯುವುದು B' + C. ಡಿ ಮಾರ್ಗನ್ ಪ್ರಕಾರ ಅದು BC'ಯ ತಿರುವು, ಅಂದರೆ ಆಗಲೇ ಕಟ್ಟಿಟ್ಟ P2ರದೇ ತಿರುವು. P3 ಕೂಡ ಒಂದು ಎಕ್ಸ್-ಆರ್‌ಗೆ ಇಳಿಯುತ್ತದೆ:

```
P2 = B (C xor 1)
P3 = C (A xor B)
P4 = A (P2 xor 1)
P5 = A B
```

ನಾಲ್ಕು ಆಂಡ್: ಒಂದು 7408 ಸರಿಯಾಗಿ ತುಂಬಿತು. ಮೂರು ಎಕ್ಸ್-ಆರ್: ಒಂದು 7486ರಲ್ಲಿ ಇನ್ನೊಂದು ಗೇಟ್ ಮಿಕ್ಕಿತು. ಒಂದು ಇನ್‌ಪುಟ್ ಅನ್ನು 5 ವೋಲ್ಟ್‌ಗೆ ಕಟ್ಟಿದ ಎಕ್ಸ್-ಆರ್ ನಾಟ್‌ನಂತೆ ದುಡಿಯುವುದರಿಂದ 7404 ಬೇಡ. 5 ಕೊಟ್ಟು ನೋಡಿ: A, C ಒಂದು, B ಸೊನ್ನೆ. P2 ಸೊನ್ನೆ, ಅದರ ತಿರುವು ಒಂದು, P4 ಒಂದು; P3 ಒಂದು, P5 ಸೊನ್ನೆ, P0 ಒಂದು. 16, 8, 1 ಕೂಡಿ 25.

ಈ ಉಳಿತಾಯ ಬಿಟ್ಟಿ ಅಲ್ಲ. ಮೊದಲಿನ ಜೋಡಣೆಯಲ್ಲಿ ಯಾವ ಸಂಕೇತವೂ ಮೂರು ಗೇಟ್‌ಗಿಂತ ಹೆಚ್ಚು ದಾಟುವುದಿಲ್ಲ. ಇಲ್ಲಿ Cಯಿಂದ P4 ತಲುಪಲು ನಾಲ್ಕು ದಾಟಬೇಕು. ಎಲ್‌ಇಡಿ ನೋಡುವ ಕಣ್ಣಿಗೆ ಆ ಕೆಲವು ನ್ಯಾನೊಸೆಕೆಂಡ್ ಕಾಣದು, ವೇಗದ ಕ್ಲಾಕ್ ಇದ್ದಲ್ಲಿ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಕಿರಿಕಿರಿಯದು ಇನ್ನೊಂದಿದೆ. P2ರಿಂದ ಎಕ್ಸ್-ಆರ್‌ಗೆ ಹೋಗುವ ತಂತಿ ಸಡಿಲವಾದರೆ ಟಿಟಿಎಲ್ ಐಸಿ ಆ ಖಾಲಿ ಪಿನ್ನನ್ನು ಒಂದು ಎಂದೇ ಓದುತ್ತದೆ, P4 ಸೊನ್ನೆಗೆ ಅಂಟಿಕೊಳ್ಳುತ್ತದೆ. ಆಗ 4ರ ವರ್ಗ 0, 5ರದು 9, 7ರದು 33. P2ರ ದೀಪ ಮಾತ್ರ ಎಲ್ಲ ಕಡೆ ಸರಿಯಾಗಿಯೇ ಉರಿಯುತ್ತಿರುತ್ತದೆ.