ಮಣಿಕಟ್ಟಿಗೆ ಸಂದ ಅತಿ ಗೌರವ

ಕೇಸಿ ಬಟ್ ಅವರ ಸೂತ್ರಕ್ಕೆ ಈಗ ಶಾಸನದ ಬೆಲೆ ಬಂದುಬಿಟ್ಟಿದೆ. ಎತ್ತರ, ಮಣಿಕಟ್ಟಿನ ಸುತ್ತಳತೆ, ಕಣಕಾಲಿನ ಸುತ್ತಳತೆ ಕೊಟ್ಟರೆ ಸಾಕು, ಸ್ಟೀರಾಯ್ಡ್ ಮುಟ್ಟದ ಗಂಡಸು ಹೆಚ್ಚೆಂದರೆ ಎಷ್ಟು ಮೈ ಕಟ್ಟಬಲ್ಲ ಎಂಬುದನ್ನು ಅದು ಹೇಳುತ್ತದೆ ಎಂಬುದು ಪ್ರತೀತಿ. ಜಿಮ್ಮಿನಲ್ಲಿ ಟ್ರೈನರ್ ಹುಡುಗನ ಮಣಿಕಟ್ಟನ್ನು ಬೆರಳಲ್ಲಿ ಬಳಸಿ ಹಿಡಿದು, ‘ನಿಂದು ಸಣ್ಣ ಮೂಳೆ ಕಣೋ, ಇಷ್ಟೇ ಆಗೋದು’ ಎಂದು ತೀರ್ಪು ಕೊಡುವುದರ ಹಿಂದೆ ಇರುವುದೂ ಇದೇ ನಂಬಿಕೆ. ಸೂತ್ರದ ಮೇಲೆ ನನಗೆ ಅಗೌರವವಿಲ್ಲ. ಆದರೆ ಅದು ಯಾವ ಕಾರಣಕ್ಕೆ ಹೆಸರಾಗಿದೆಯೋ ಆ ಕೆಲಸವನ್ನು ಅದು ಅಷ್ಟಾಗಿ ಮಾಡುವುದಿಲ್ಲ. ಮಾಡುವ ಒಳ್ಳೆಯ ಕೆಲಸವನ್ನು ಯಾರೂ ಗಮನಿಸಿಲ್ಲ.

ಸೂತ್ರ ಹೀಗಿದೆ. ಅಳತೆಗಳು ಇಂಚಿನಲ್ಲಿ, ಉತ್ತರ ಪೌಂಡಿನಲ್ಲಿ:

```
LBM = H^1.5 × (√W / 22.6670 + √A / 17.0104) × (BF/224 + 1)
```

H ಎತ್ತರ, W ಮಣಿಕಟ್ಟು, A ಕಣಕಾಲು, BF ಮೈಯಲ್ಲಿರುವ ಕೊಬ್ಬಿನ ಶೇಕಡಾವಾರು. ಬರುವ ಉತ್ತರ ಕೊಬ್ಬು ಬಿಟ್ಟು ಉಳಿದ ತೂಕ: ಸ್ನಾಯು, ಮೂಳೆ, ನೀರು, ಅಂಗಾಂಗ ಎಲ್ಲ ಸೇರಿ. ಮಣಿಕಟ್ಟು, ಕಣಕಾಲುಗಳನ್ನೇ ಆರಿಸಿದ್ದಕ್ಕೆ ಕಾರಣ ಸರಿಯಾದದ್ದೇ. ಅಲ್ಲಿ ಸ್ನಾಯು ಕಡಿಮೆ, ಹಾಗಾಗಿ ಎಷ್ಟು ವ್ಯಾಯಾಮ ಮಾಡಿದರೂ ಆ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ.

5 ಅಡಿ 10 ಇಂಚು ಎತ್ತರದ ಒಬ್ಬನನ್ನು ತೆಗೆದುಕೊಳ್ಳಿ. ಮಣಿಕಟ್ಟು 7 ಇಂಚು, ಕಣಕಾಲು 8.8 ಇಂಚು, ಕೊಬ್ಬು ಶೇ. 10. ಲೆಕ್ಕ ಹಾಕಿದರೆ 178 ಪೌಂಡು, ಅಂದರೆ ಸುಮಾರು 80.8 ಕೆ.ಜಿ. ಇನ್ನು ಮಣಿಕಟ್ಟನ್ನು ಅರ್ಧ ಇಂಚು ಇಳಿಸಿ. ಜಿಮ್ಮಿನಲ್ಲಿ ‘ಸಣ್ಣ ಮೂಳೆ’, ‘ದಪ್ಪ ಮೂಳೆ’ ಎಂದು ಹುಡುಗರನ್ನು ಬೇರೆ ಮಾಡುವುದು ಇಷ್ಟೇ ಅಂತರದ ಮೇಲೆ. ಮಿತಿ ಇಳಿಯುವುದು 1.2 ಕೆ.ಜಿ. ಮಾತ್ರ. ವರ್ಗಮೂಲದೊಳಗೆ ಕೂತ ಅಳತೆ ಗಟ್ಟಿಯಾಗಿ ಮಾತಾಡುವುದಿಲ್ಲ. ಟೇಪನ್ನು ಗಿಣ್ಣಿನ ಮೂಳೆಯ ಕೈ ಕಡೆಗೆ ಹಿಡಿದಿರೋ, ಮೊಣಕೈ ಕಡೆಗೆ ಹಿಡಿದಿರೋ ಎಂಬುದೂ ಸುತ್ತಳತೆಯನ್ನು ಏರುಪೇರು ಮಾಡಬಲ್ಲದು. ಒಬ್ಬನ ಭವಿಷ್ಯವನ್ನು ಅಷ್ಟರ ಮೇಲೆ ಬರೆಯುವುದು ಅನ್ಯಾಯ.

ಈಗ ಎಲ್ಲರೂ ಕಣ್ಣು ಹಾಯಿಸದೆ ದಾಟಿಹೋಗುವ ಕೊನೆಯ ಆವರಣಕ್ಕೆ ಬರೋಣ: `(BF/224 + 1)`. ನನ್ನ ತಕರಾರೆಲ್ಲ ಇಲ್ಲೇ ಇದೆ. ಇದರ ಹಿಂದಿರುವ ವಿಚಾರ ತಪ್ಪಲ್ಲ. ಮೈ ಬಂದವನ ಮೈಯಲ್ಲಿ ಕೊಬ್ಬಿನ ಜೊತೆಗೆ ನೀರು, ಪೋಷಕ ಅಂಗಾಂಶ, ಒಂದಿಷ್ಟು ಸ್ನಾಯುವೂ ಹೆಚ್ಚಿರುತ್ತದೆ. ಆದರೆ ಆ ಹೆಚ್ಚಳ ಇಲ್ಲಿ ನೇರ ಗೆರೆಯಲ್ಲಿ, ಎಲ್ಲೂ ನಿಲ್ಲದೆ ಏರುತ್ತದೆ. ಅದೇ ಮನುಷ್ಯನಿಗೆ ಕೊಬ್ಬು ಶೇ. 20 ಎಂದು ಬರೆದರೆ ಮಿತಿ 84.2 ಕೆ.ಜಿ. ಆಗುತ್ತದೆ. ಶೇ. 30 ಎಂದರೆ 87.7 ಕೆ.ಜಿ. ಕೊಬ್ಬನ್ನು ಹತ್ತು ಅಂಶ ಏರಿಸಿದ್ದಕ್ಕೆ ಬಂದ ಈ ಮೂರೂವರೆ ಕೆ.ಜಿ. ಮಣಿಕಟ್ಟಿನ ಅರ್ಧ ಇಂಚಿನ ಸುಮಾರು ಮೂರರಷ್ಟು. ಸೂತ್ರ ಹುಟ್ಟಿದ್ದೋ ವೇದಿಕೆ ಏರಲು ಕೊಬ್ಬನ್ನು ಕರಗಿಸಿಕೊಂಡ ಸ್ಪರ್ಧಿಗಳಿಂದ. ಶೇ. 30ರ ಕೊಬ್ಬಿನ ಬಗ್ಗೆ ಅವರ ಅಳತೆಗಳು ಏನು ಸಾಕ್ಷಿ ನುಡಿದಾವು?

ಟೇಪಿನಿಂದ ಅಳೆದ ಮೂರು ಅಂಕಿಗಳ ಜೊತೆ ಊಹೆಯಿಂದ ಬಂದ ನಾಲ್ಕನೆಯದೊಂದು ಸೇರಿಕೊಂಡಿದೆ ಎಂಬುದೇ ಇಲ್ಲಿನ ತೊಂದರೆ. ಜಿಮ್ಮಿನ ಯಂತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಕೊಬ್ಬನ್ನು ಅಂದಾಜು ಮಾಡುತ್ತದೆ. ಕುಡಿದ ನೀರು, ಉಂಡ ಊಟದಿಂದಲೇ ಆ ಅಂಕಿ ಏರಿಳಿಯುತ್ತದೆ. ನಮ್ಮವರಲ್ಲಿ ಕಣ್ಣಂದಾಜೂ ಮೋಸ ಮಾಡುತ್ತದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಕೊಬ್ಬು ಮಾತ್ರ ಒಬ್ಬರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2.

ಇದನ್ನು ಸೂತ್ರಕ್ಕೆ ಹಾಕಿ ನೋಡಿ. ಮೇಲಿನದೇ ಎತ್ತರ, ಅದೇ ಮೂಳೆ, ತೂಕ 84 ಕೆ.ಜಿ. ಯಂತ್ರ ಶೇ. 12 ಎಂದಿತು, ನಿಜಕ್ಕೂ ಇರುವುದು ಶೇ. 22. ಯಂತ್ರವನ್ನು ನಂಬಿದರೆ ಅವನ ಕೊಬ್ಬುರಹಿತ ತೂಕ 73.9, ಮಿತಿ 81.5. ಉಳಿದಿರುವುದು ಏಳೂವರೆ ಕೆ.ಜಿ. ನಿಜವಾದ ಅಂಕಿ ಹಾಕಿದರೆ ಅವನಲ್ಲಿರುವುದು 65.5, ಮಿತಿ 84.9. ಉಳಿದಿರುವುದು ಹತ್ತೊಂಬತ್ತಕ್ಕಿಂತ ಹೆಚ್ಚು. ಒಂದೇ ತಪ್ಪು ಇರುವುದನ್ನು ಹಿಗ್ಗಿಸಿ, ಮಿತಿಯನ್ನು ಕುಗ್ಗಿಸಿ, ನಡುವಿನ ದಾರಿಯನ್ನು ಎರಡೂ ಕಡೆಯಿಂದ ತಿಂದುಹಾಕಿತು. ದಾರಿ ಮುಗಿಯುತ್ತ ಬಂತೆಂದು ಆ ಹುಡುಗ ನಂಬಿದರೆ, ಇನ್ನು ಮುಂದಕ್ಕೆ ಇಂಜೆಕ್ಷನ್ನೇ ಗತಿ ಎನ್ನುವವರು ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕೇ ಇದು ನನಗೆ ಬರೀ ಗಣಿತದ ವಿಷಯವಾಗಿ ಕಾಣುವುದಿಲ್ಲ.

ಬಟ್ ಅವರನ್ನು ತಳ್ಳಿಹಾಕುವವರಲ್ಲಿ ಹೆಚ್ಚಿನವರು ಎಫ್‌ಎಫ್‌ಎಂಐ ಪಕ್ಷದವರು. ಕೊಬ್ಬುರಹಿತ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ, 25 ದಾಟಿದವನನ್ನು ಕಳ್ಳನೆಂದು ಕರೆಯುವುದು ಇವರ ಪದ್ಧತಿ. ಎಲೆನಾ ಕೌರಿ, ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಇವರ ಆಧಾರ. ಅದರಲ್ಲಿ ಸ್ಟೀರಾಯ್ಡ್ ಬಳಸದವರು ಇದ್ದದ್ದು 74 ಮಂದಿ. ಅದೇ ಲೇಖನ, ಸ್ಟೀರಾಯ್ಡ್ ಪೂರ್ವ ಕಾಲದವರೆಂದು ತಾನೇ ಎಣಿಸಿದ 1939ರಿಂದ 1959ರವರೆಗಿನ ಮಿಸ್ಟರ್ ಅಮೆರಿಕಾ ವಿಜೇತರ ಸರಾಸರಿಯನ್ನು 25.4 ಎಂದು ಅಂದಾಜಿಸಿದೆ. ಸರಾಸರಿಯೇ 25 ದಾಟಿರುವಾಗ ಅದನ್ನು ಗೋಡೆ ಎನ್ನುವುದು ಹೇಗೆ? ಲೇಖನವನ್ನು ಉಲ್ಲೇಖಿಸುವವರು ಅದನ್ನು ಕೊನೆಯವರೆಗೆ ಓದಿದಂತಿಲ್ಲ.

ಈ ಜಗಳದಲ್ಲಿ ನಾನು ಬಟ್ ಕಡೆಗೆ. ಅವರ ಸೂತ್ರದಲ್ಲಿ ಎತ್ತರದ ಘಾತ ಒಂದೂವರೆ, ಮೂಳೆಯ ಘಾತ ಅರ್ಧ. ಕೂಡಿದರೆ ಎರಡು. ಹಾಗಾಗಿ ಇದು ಎಫ್‌ಎಫ್‌ಎಂಐಗೆ ಎದುರಾಳಿಯಲ್ಲ. ಅದೇ ಎತ್ತರದ ವರ್ಗವನ್ನು ಇಟ್ಟುಕೊಂಡು, ಎತ್ತರಕ್ಕೆ ಹೋಲಿಸಿದರೆ ಮೂಳೆ ಎಷ್ಟು ದಪ್ಪ ಎಂಬುದರ ಮೇಲೆ ಮಿತಿಯನ್ನು ಸರಿಸುವ ಸೂಚ್ಯಂಕ. 5 ಅಡಿ 10 ಇಂಚಿನವನ ಮಣಿಕಟ್ಟು 6 ಇಂಚು, ಕಣಕಾಲು 8 ಇಂಚು ಇದ್ದರೆ ಶೇ. 10ರ ಕೊಬ್ಬಿನಲ್ಲಿ ಅವನ ಗರಿಷ್ಠ ಎಫ್‌ಎಫ್‌ಎಂಐ 24ರ ಹತ್ತಿರ. ಅವೇ 8 ಮತ್ತು 10 ಇಂಚಾದರೆ 27 ದಾಟುತ್ತದೆ. ಎರಡು ತುದಿಗಳ ನಡುವೆ ಹತ್ತು ಕೆ.ಜಿ. ಅಂತರ. ಅರ್ಧ ಇಂಚಿನ ವ್ಯತ್ಯಾಸಕ್ಕೆ ಕಿವುಡಾಗಿದ್ದ ಸೂತ್ರ ಇಂಥ ತೀರಾ ಬೇರೆ ಮೈಕಟ್ಟುಗಳನ್ನು ಗುರುತಿಸುತ್ತದೆ. ದಪ್ಪ ಮೂಳೆಯವನ ಮೇಲೆ ಸುಮ್ಮನೆ ಆರೋಪ ಹೊರಿಸದಂತೆ ತಡೆಯುವ ಈ ಗುಣ 25ರ ಗೋಡೆಗೆ ಇಲ್ಲ.

ಇಷ್ಟಾದರೂ ‘ಮಿತಿ’ ಎಂಬ ಹೆಸರನ್ನು ನಾನು ಒಪ್ಪಲಾರೆ. ಬಟ್ ಲೆಕ್ಕಕ್ಕೆ ತೆಗೆದುಕೊಂಡದ್ದು 1947ರಿಂದ 2010ರವರೆಗಿನ ಸುಮಾರು 300 ಚಾಂಪಿಯನ್ನರನ್ನು. ಸಿಂಥೆಟಿಕ್ ಟೆಸ್ಟೋಸ್ಟಿರೋನ್ ತಯಾರಾದದ್ದು 1935ರಲ್ಲಿ. ಒಲಿಂಪಿಕ್ಸ್‌ನಲ್ಲಿ ಸ್ಟೀರಾಯ್ಡ್ ಪರೀಕ್ಷೆ ಬಂದದ್ದು 1976ರಲ್ಲಿ. ಹೀಗಾಗಿ ಹಳಬರ ಶುದ್ಧತೆಯನ್ನು ನಂಬಿಕೆಯ ಮೇಲೆಯೇ ಒಪ್ಪಬೇಕು. ಎಲ್ಲರೂ ಶುದ್ಧರೇ ಎಂದುಕೊಂಡರೂ, ಚಾಂಪಿಯನ್ನರ ಅಳತೆಗಳ ನಡುವೆ ಎಳೆದ ಗೆರೆಯ ಆಚೆಗೂ ಕೆಲವರು, ಈಚೆಗೂ ಕೆಲವರು ಇರಲೇಬೇಕು. ಕೈಯಿಂದ ಕೈಗೆ ದಾಟುವ ಸೂತ್ರದ ಜೊತೆ ಆ ಚದುರುವಿಕೆಯ ಅಂಕಿ ಬರುವುದಿಲ್ಲ. 22.6670, 17.0104 ಎಂದು ನಾಲ್ಕು ದಶಮಾಂಶದವರೆಗಿನ ನಿಖರತೆ ಬರುತ್ತದೆ. ಉತ್ತರ ಎರಡು ಕೆ.ಜಿ. ಆಚೀಚೆಯೋ ಆರು ಕೆ.ಜಿ. ಆಚೀಚೆಯೋ ಎಂಬುದು ಬರುವುದಿಲ್ಲ. ಆ ಒಂದು ಅಂಕಿಯನ್ನು ಸೂತ್ರದ ಪಕ್ಕದಲ್ಲಿ ಅಚ್ಚು ಹಾಕುವ ತನಕ, 80.8ಕ್ಕೆ ಒಂದು ಕೆ.ಜಿ. ಹತ್ತಿರ ಬಂದವನಿಗೆ ‘ನಿನ್ನದು ಮುಗಿಯಿತು’ ಎನ್ನುವ ಅಧಿಕಾರ ಯಾವ ಟ್ರೈನರಿಗೂ ಇಲ್ಲ.